ತಾಂತ್ ಕಳಿಸಿದ ಅರಬ್ಬಿ ಸ್ಕ್ರೀನ್‌ಶಾಟ್: ಬರೆದು ಹೇಳೋದಾ, ಗುರುತು ಹಾಕಿ ಕಳಿಸೋದಾ, ಮಾತಾಡಿ ಹೇಳೋದಾ?

ಚಳಿಗಾಲದಲ್ಲಿ ಹಾಸನದಲ್ಲಿ ರಾತ್ರಿ ಹತ್ತಾದಾಗ ಈಜಿಪ್ಟಿನ ಅಲೆಗ್ಸಾಂಡ್ರಿಯಾದಲ್ಲಿ ಸಂಜೆ ಆರೂವರೆ. ನಮ್ಮ ಮನೆಯಲ್ಲಿ ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ನನ್ನ ಫೋನಿಗೆ ಅಲ್ಲಿಂದ ಫೋಟೋ ಬರುತ್ತದೆ. ಕಳಿಸುವವರು ನಮ್ಮ ಭಾವನ ತಾಯಿ. ಅಕ್ಕ ಸೌದಿಯ ದಮ್ಮಾಮಿನಲ್ಲಿ ನರ್ಸ್ ಆಗಿದ್ದಾಗ ಪರಿಚಯವಾಗಿ ಮದುವೆಯಾದ ಭಾವ ಈಜಿಪ್ಟಿನವರು. ಅವರ ತಾಯಿಯನ್ನು ನಾವೆಲ್ಲ ತಾಂತ್ ಅಂತ ಕರೆಯುತ್ತೇವೆ. ಅಲ್ಲಿ ಅತ್ತೆ, ಚಿಕ್ಕಮ್ಮನ ವಯಸ್ಸಿನವರನ್ನು ಹಾಗೇ ಕರೆಯುವುದು. ನಾನೂ ದಮ್ಮಾಮಿನ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಎಂಟು ವರ್ಷ ಇದ್ದು ಬಂದವನು. ಅರಬ್ಬಿ ಅಲ್ಲೇ ಕಲಿತದ್ದು. ಈಗ ಹಾಸನದಲ್ಲೇ ಅದೇ ಕೆಲಸ.

ತಾಂತ್ ಟೀಚರಾಗಿದ್ದವರು, ಚೆನ್ನಾಗಿ ಓದುತ್ತಾರೆ. ಆದರೆ ಪರದೆಯ ಮೇಲೆ ಒಂದು ಪೆಟ್ಟಿಗೆ ಎದ್ದು ನಿಂತರೆ ಕೈ ನಡುಗುತ್ತದೆ. ಅದಕ್ಕೆ ಒಂದು ಕಾರಣ ಆ ಪೆಟ್ಟಿಗೆಯ ಭಾಷೆಯೇ. ಅರಬ್ಬಿಯಲ್ಲಿ ದೋಷಕ್ಕೆ خطأ ಅಂತ ತೋರಿಸುತ್ತದೆ, ಓದುವುದು ಖತಅ್. ಮಾತಿನಲ್ಲಿ ಅದರ ಅರ್ಥ ತಪ್ಪು. ಓದಿದವರಿಗೆ ‘ನೀನು ತಪ್ಪು ಮಾಡಿದೆ’ ಅಂದ ಹಾಗೆ ಕೇಳಿಸುತ್ತದೆ. ಹಾಗಾಗಿ ನಾನು ಆ ಪದವನ್ನು ತಿರುಗಿ ಹೇಳುವುದೇ ಇಲ್ಲ. ‘ಮುಶ್ಕಿಲಾ ಬಸೀತಾ’ ಅನ್ನುತ್ತೇನೆ, ಸಣ್ಣ ತೊಂದರೆ ಅಂತ.

ಇಂಥ ಫೋಟೋ ಬಂದಾಗ ಉತ್ತರ ಕೊಡಲು ನನ್ನ ಮುಂದೆ ನಾಲ್ಕು ದಾರಿ ಇವೆ. ಅರಬ್ಬಿಯಲ್ಲಿ ಟೈಪ್ ಮಾಡಿ ಕಳಿಸಬಹುದು. ಅವರ ಚಿತ್ರದ ಮೇಲೇ ಗುರುತು ಹಾಕಿ ವಾಪಸ್ ಕಳಿಸಬಹುದು. ವಾಯ್ಸ್ ಮೆಸೇಜ್ ಬಿಡಬಹುದು. ಇಲ್ಲವೇ ವಿಡಿಯೋ ಕಾಲ್‌ನಲ್ಲಿ ಪರದೆ ನೋಡಿ ಹೇಳಬಹುದು, ಅಥವಾ ದೂರದಿಂದ ನಾವೇ ಮೌಸ್ ಹಿಡಿಯಬಹುದು. ಯಾವುದು ಯಾವಾಗ ಅನ್ನುವುದು ಬಂದ ಚಿತ್ರವನ್ನು ನೋಡಿದ ಮೇಲೆ ಗೊತ್ತಾಗುತ್ತದೆ.

ಎಡ–ಬಲ ಅನ್ನುವ ಮಾತು ಬಿಡಿ

ಯಾವ ದಾರಿ ಹಿಡಿದರೂ ಇದನ್ನು ಮೊದಲು ತಿಳಿದಿರಬೇಕು. ಅರಬ್ಬಿಯಲ್ಲಿ ಅಕ್ಷರ ಮಾತ್ರ ಬಲದಿಂದ ಎಡಕ್ಕೆ ಹೋಗುವುದಲ್ಲ, ಇಡೀ ಪರದೆ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿರುತ್ತದೆ. ಹಿಂದಕ್ಕೆ ಹೋಗುವ ಬಾಣ ಬಲ ಮೂಲೆಯಲ್ಲಿ ಇರುತ್ತದೆ, ಬಲಕ್ಕೇ ಮುಖ ಮಾಡಿರುತ್ತದೆ. ವಿಂಡೋಸ್‌ನಲ್ಲಿ ನಮಗೆ ಬಲಗಡೆ ಕೆಳಗೆ ಕಾಣುವ ಗಡಿಯಾರ ಅವರಿಗೆ ಎಡಗಡೆ. ಫೋನಿನ ಆನ್–ಆಫ್ ಗುಂಡಿ ನಮ್ಮಲ್ಲಿ ಬಲಕ್ಕೆ ಸರಿದರೆ ಆನ್, ಅವರಲ್ಲಿ ಎಡಕ್ಕೆ ಸರಿದರೆ ಆನ್.

ಮೊದಮೊದಲು ನಾನು ಇಲ್ಲಿ ಇಂಗ್ಲಿಷ್ ಪರದೆ ತೆರೆದಿಟ್ಟುಕೊಂಡು ಹೇಳುತ್ತಿದ್ದೆ. ಒಂದು ಸಲ ತಾಂತ್ ಪತ್ರ ಬರೆದು ಮುಗಿಸಿ ಕಿಟಕಿ ಮುಚ್ಚಲು ಹೋದರು. ಉಳಿಸಬೇಕೇ ಅಂತ ಕೇಳುವ ಪೆಟ್ಟಿಗೆ ಬಂತು. ‘ಎಡಗಡೆ ಮೊದಲನೆಯದನ್ನು ಒತ್ತಿ’ ಅಂದೆ. ಅವರು ಒತ್ತಿದರು. ಪೆಟ್ಟಿಗೆ ಹೋಯಿತು, ಪತ್ರ ಹಾಗೇ ನಿಂತಿತ್ತು. ಮತ್ತೆ ಮುಚ್ಚಲು ಹೋದರು, ಮತ್ತೆ ಅದೇ ಪೆಟ್ಟಿಗೆ. ಮೂರು ಸಲ ಹಾಗಾಯಿತು. ನನ್ನ ಪರದೆಯಲ್ಲಿ ಎಡಗಡೆ ಇದ್ದದ್ದು ಉಳಿಸುವ ಗುಂಡಿ. ಅವರ ಪರದೆಯಲ್ಲಿ ಎಡಗಡೆ ಇದ್ದದ್ದು ರದ್ದು ಮಾಡುವುದು. ಅದೇ ಪೆಟ್ಟಿಗೆ ತಿರುತಿರುಗಿ ಬರುತ್ತಿದೆ ಅಂದರೆ ಹೇಳಿದ ದಿಕ್ಕೇ ತಪ್ಪಿದೆ ಅಂತ ತಿಳಿಯಿರಿ.

ದಿಕ್ಕಿನ ಪದದಲ್ಲೂ ತೊಡಕಿದೆ. ಸೌದಿಯಲ್ಲಿ ನಾನು ಎಡಕ್ಕೆ ‘ಯಸಾರ್’ ಅಂತ ಕಲಿತೆ. ಈಜಿಪ್ಟಿನ ಮಾತಿನಲ್ಲಿ ‘ಶಿಮಾಲ್’ ಅನ್ನುತ್ತಾರೆ. ಪುಸ್ತಕದ ಅರಬ್ಬಿಯಲ್ಲಿ ಅದೇ ಪದಕ್ಕೆ ಉತ್ತರ ದಿಕ್ಕು ಅನ್ನುವ ಅರ್ಥವೂ ಇದೆ. ಅದಕ್ಕೇ ದಿಕ್ಕು ಬಿಟ್ಟು, ಗುಂಡಿಯ ಮೇಲಿರುವ ಪದವನ್ನೇ ಹೇಳುವುದು ವಾಸಿ.

ಪದ ಒಂದೇ ಇದ್ದಾಗ: ಟೈಪ್ ಮಾಡಿ

ದೋಷದ ಪೆಟ್ಟಿಗೆಯಲ್ಲಿ ಎರಡು–ಮೂರು ಗುಂಡಿ ಇದ್ದು, ಅದರಲ್ಲಿ ಒಂದನ್ನು ಒತ್ತಿದರೆ ಕೆಲಸ ಮುಗಿಯುತ್ತದೆ ಅಂದಾಗ ಬರೆದು ಕಳಿಸುವುದೇ ಎಲ್ಲಕ್ಕಿಂತ ಚೆನ್ನ. ಅವರು ನಮ್ಮ ಸಂದೇಶದ ಪದವನ್ನೂ ಪರದೆಯ ಪದವನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತಾರೆ. ಟೀಚರಾಗಿದ್ದವರಿಗೆ ಅದು ಇನ್ನೂ ಸುಲಭ.

ಆದರೆ ಪರದೆಯಲ್ಲಿ ಇರುವ ಹಾಗೇ ಬರೆಯಬೇಕು. ರದ್ದು ಅನ್ನುವುದಕ್ಕೆ ಫೋನಿನಲ್ಲಿ إلغاء ಅಂತ ಇದ್ದರೆ, ವಿಂಡೋಸ್‌ನಲ್ಲಿ إلغاء الأمر ಅಂತ ಎರಡು ಪದ ಕಾಣಬಹುದು. ಇನ್ನೂ ಹುಷಾರಾಗಿ ನೋಡಬೇಕಾದ ಜೋಡಿ ಒಂದಿದೆ. ಉಳಿಸು ಅನ್ನುವುದಕ್ಕೆ حفظ, ಉಳಿಸಬೇಡ ಅನ್ನುವುದಕ್ಕೆ عدم الحفظ. ಎರಡರಲ್ಲೂ ಹಿಫ್ಝ್ ಅನ್ನುವ ಪದ ಇದೆ. ಗಾಬರಿಯಲ್ಲಿದ್ದವರ ಕಣ್ಣಿಗೆ ಆ ಪರಿಚಿತ ಪದ ಮಾತ್ರ ಬೀಳುತ್ತದೆ, ಅದಕ್ಕೂ ಮೊದಲು ಬರುವ عدم ಕಾಣುವುದಿಲ್ಲ. ಬರೆದದ್ದೆಲ್ಲ ಹೋಗುತ್ತದೆ. ಹಾಗಾಗಿ ‘ಒಂದೇ ಪದ ಇರುವ ಗುಂಡಿ’ ಅಂತಲೂ ಸೇರಿಸಿ ಬರೆಯುತ್ತೇನೆ.

ಟೈಪ್ ಮಾಡುವಾಗ ಎರಡು ಕಡೆ ಜನ ಎಡವುತ್ತಾರೆ. ವಾಟ್ಸಾಪ್ ಸಂದೇಶವನ್ನು ಇಂಗ್ಲಿಷ್ ಪದದಿಂದ ಶುರು ಮಾಡಿದರೆ ಇಡೀ ಸಾಲು ಎಡದಿಂದ ಬಲಕ್ಕೆ ಕೂರುತ್ತದೆ, ಅರಬ್ಬಿ ಪದಗಳ ಸರತಿ ಚೆಲ್ಲಾಪಿಲ್ಲಿ ಕಾಣುತ್ತದೆ. ಮೊದಲ ಪದ ಅರಬ್ಬಿಯದ್ದೇ ಇರಲಿ. ಇನ್ನೊಂದು ಬಾಣದ ಗುರುತು. ‘ಇದಾದ ಮೇಲೆ ಅದು’ ಅಂತ ತೋರಿಸಲು ನಾವು → ಹಾಕುತ್ತೇವೆ, ಅಲ್ವಾ? ಅರಬ್ಬಿ ಸಾಲಿನಲ್ಲಿ ಆ ಬಾಣ ತಿರುಗುವುದಿಲ್ಲ, ಬಲಕ್ಕೇ ನೋಡುತ್ತಿರುತ್ತದೆ. ಬಲದಿಂದ ಓದುತ್ತ ಬಂದವರಿಗೆ ಅದು ‘ವಾಪಸ್ ಹೋಗು’ ಅಂದ ಹಾಗೆ ಕಾಣುತ್ತದೆ. > ಗುರುತು ಮಾತ್ರ ಅರಬ್ಬಿ ಸಾಲಿನಲ್ಲಿ ತಾನೇ ಮಗುಚಿಕೊಳ್ಳುತ್ತದೆ. ನಾನು ಎರಡನ್ನೂ ಬಿಟ್ಟು ‘ಬಅ್‌ದೇನ್’ ಅಂತ ಬರೆಯುತ್ತೇನೆ, ಆಮೇಲೆ ಅಂತ. ಒಂದು ಸಂದೇಶಕ್ಕೆ ಒಂದೇ ಹೆಜ್ಜೆ.

ಒಂದು ಇಡೀ ರಾತ್ರಿಯ ಕೆಲಸ

ಸೆಟ್ಟಿಂಗ್ಸ್ ಪುಟಗಳ ಕಥೆ ಬೇರೆ. ಅಲ್ಲಿ ಹತ್ತು ಸಾಲು ಇರುತ್ತವೆ, ಒಂದರೊಳಗೆ ಇನ್ನೊಂದು ತೆರೆಯುತ್ತದೆ. 2025ರ ಡಿಸೆಂಬರ್‌ನಲ್ಲಿ ನಡೆದದ್ದನ್ನು ಪೂರ್ತಿ ಹೇಳಿದರೆ ನಾಲ್ಕೂ ದಾರಿಯ ಬಲ, ಮಿತಿ ಎರಡೂ ತಿಳಿಯುತ್ತದೆ.

ಆ ದಿನ ಬಂದದ್ದು ಲ್ಯಾಪ್‌ಟಾಪ್ ಪರದೆಯನ್ನು ಫೋನಿನಲ್ಲಿ ತೆಗೆದ ಫೋಟೋ. ಯಾವ ವೆಬ್‌ಸೈಟೂ ತೆರೆಯುತ್ತಿಲ್ಲ, ಅರಬ್ಬಿಯಲ್ಲಿ ಎಚ್ಚರಿಕೆ ಬರುತ್ತಿದೆ ಅಂದರು. ವಿವರಣೆಯೆಲ್ಲ ಅರಬ್ಬಿಯಲ್ಲಿದ್ದರೂ ಕೆಳಗೆ ಒಂದು ಸಾಲು ಇಂಗ್ಲಿಷಿನಲ್ಲೇ ಇತ್ತು:

```
NET::ERR_CERT_DATE_INVALID
```

ಈ ಕೋಡ್ ಯಾವ ಭಾಷೆಯ ಪರದೆಯಲ್ಲೂ ಬದಲಾಗುವುದಿಲ್ಲ. ಅರಬ್ಬಿ ಓದಲು ಬಾರದವರಿಗೂ ಇದು ಕೈಗೆ ಸಿಗುವ ಎಳೆ. ಫೋಟೋದಲ್ಲಿ ಮೊದಲು ಇಂಗ್ಲಿಷ್ ಅಕ್ಷರದ ಸಾಲು ಹುಡುಕಿ. ಇಲ್ಲಿ ಅದು ಹೇಳುತ್ತಿರುವುದು ಪ್ರಮಾಣಪತ್ರದ ದಿನಾಂಕ ಹೊಂದುತ್ತಿಲ್ಲ ಅಂತ. ಒಂದೇ ವೆಬ್‌ಸೈಟಿನಲ್ಲಿ ಬಂದರೆ ಆ ವೆಬ್‌ಸೈಟಿನವರ ತಪ್ಪು ಇರಬಹುದು. ಎಲ್ಲದರಲ್ಲೂ ಬಂದರೆ ಹೆಚ್ಚು ಕಡಿಮೆ ಯಾವಾಗಲೂ ನಮ್ಮ ಗಡಿಯಾರವೇ ಕೆಟ್ಟಿರುತ್ತದೆ.

ಆದರೆ ಅವರು ಫೋಟೋ ತೆಗೆದದ್ದು ಮಧ್ಯದ ಪೆಟ್ಟಿಗೆಯನ್ನು ಮಾತ್ರ. ನನಗೆ ಬೇಕಾದದ್ದು ಮೂಲೆ. ‘ನಾಲ್ಕೂ ಅಂಚು ಕಾಣುವ ಹಾಗೆ ಇನ್ನೊಂದು ತೆಗೆಯಿರಿ’ ಅಂದೆ. ಎರಡನೇ ಫೋಟೋದ ಎಡ ಮೂಲೆಯಲ್ಲಿ ದಿನಾಂಕ ಕಂಡಿತು. ವರ್ಷದ ಜಾಗದಲ್ಲಿ ٣٨ ಅಂತ ಇತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅರಬ್ಬಿ ಅಂಕಿ ನಮ್ಮವರನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ಅವರ ಐದು ٥, ನಮ್ಮ ಕನ್ನಡದ ಸೊನ್ನೆಯ ಹಾಗೇ ಇದೆ. ಅವರ ಸೊನ್ನೆ ಬರೀ ಒಂದು ಚುಕ್ಕೆ. ಆರು ٦, ಇಂಗ್ಲಿಷಿನ ಏಳಿನ ಹಾಗೆ ಕಾಣುತ್ತದೆ. ಏಳು ٧, ಎಂಟು ٨, ಒಂದು ಇನ್ನೊಂದರ ತಲೆಕೆಳಗು. ಸಂಖ್ಯೆಯನ್ನು ಓದುವ ದಿಕ್ಕು ಮಾತ್ರ ನಮ್ಮದೇ, ಎಡದಿಂದ ಬಲಕ್ಕೆ. ಹಾಗಾಗಿ ಇದು ಮೂವತ್ತೆಂಟು.

ಮೂವತ್ತೆಂಟನೇ ವರ್ಷ ಯಾವುದು? ಆ ಲ್ಯಾಪ್‌ಟಾಪನ್ನು ಭಾವ ದಮ್ಮಾಮಿನಲ್ಲಿ ಕೊಂಡು ಕಳಿಸಿದ್ದು. ಸೌದಿ ಅರೇಬಿಯಾ ಅಂತ ಪ್ರದೇಶ ಆರಿಸಿದ ವಿಂಡೋಸ್‌ನಲ್ಲಿ ಇಸ್ಲಾಮಿನ ಹಿಜರಿ ಕ್ಯಾಲೆಂಡರ್ ಇರುತ್ತದೆ, ವರ್ಷದ ಕೊನೆಯ ಎರಡೇ ಅಂಕಿ ತೋರಿಸುತ್ತದೆ. ಅಂದರೆ 1438. ಇದನ್ನು ನಮ್ಮ ವರ್ಷಕ್ಕೆ ಸುಮಾರಾಗಿ ತರಲು ಒಂದು ಲೆಕ್ಕ ಇದೆ:

```
1438 × 0.97 + 622 = 2016.86
1447 × 0.97 + 622 = 2025.59
```

2025ರ ಡಿಸೆಂಬರ್‌ನಲ್ಲಿ ಸರಿಯಾದ ಹಿಜರಿ ವರ್ಷ 1447. ಲ್ಯಾಪ್‌ಟಾಪ್ ಸುಮಾರು ಒಂಬತ್ತು ವರ್ಷ ಹಿಂದೆ ಹೋಗಿ ಕೂತಿತ್ತು. ಇದನ್ನು ತಿಳಿಯದವರು 47 ಕಂಡರೂ ಗಡಿಯಾರ ಕೆಟ್ಟಿದೆ ಅಂದುಕೊಂಡು ಸರಿಯಿದ್ದದ್ದನ್ನು ಕೆಡಿಸಿಬಿಡುತ್ತಾರೆ. ಹಿಜರಿ ಇರುವುದು ದೋಷವಲ್ಲ, ಅದನ್ನು ಮುಟ್ಟಬೇಕಾಗಿಲ್ಲ.

ಈಗ ಯಾವ ದಾರಿ ಹಿಡಿಯಬೇಕು? ದೂರದಿಂದ ನಾನೇ ಮೌಸ್ ಹಿಡಿಯೋಣ ಅಂತ ಯಾರಿಗಾದರೂ ಮೊದಲು ಅನಿಸುತ್ತದೆ. ವಿಂಡೋಸ್‌ನಲ್ಲಿ ಅದಕ್ಕೇ ಇರುವ ಕ್ವಿಕ್ ಅಸಿಸ್ಟ್ ನಾನೂ ಬಳಸುತ್ತೇನೆ. ಆದರೆ ಅದೂ ಇಂಟರ್ನೆಟ್‌ನಲ್ಲಿ ಸುರಕ್ಷಿತ ಸಂಪರ್ಕ ಹಿಡಿಯಬೇಕು, ಪ್ರಮಾಣಪತ್ರದ ದಿನಾಂಕ ನೋಡಬೇಕು. ಗಡಿಯಾರ ಒಂಬತ್ತು ವರ್ಷ ಹಿಂದಿದ್ದರೆ ಅದೂ ಅಲ್ಲೇ ನಿಲ್ಲುತ್ತದೆ. ಲ್ಯಾಪ್‌ಟಾಪಿನ ವಾಟ್ಸಾಪ್ ವೆಬ್ ಕೂಡ ತೆರೆಯುವುದಿಲ್ಲ. ಅವರು ಸ್ಕ್ರೀನ್‌ಶಾಟ್ ಬದಲು ಫೋನಿನಲ್ಲಿ ಫೋಟೋ ತೆಗೆದದ್ದೂ ಅದಕ್ಕೇ.

ವಿಡಿಯೋ ಕಾಲ್ ಮಾಡಿದರೆ ತಾಂತ್ ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದರಲ್ಲಿ ಮೌಸ್ ಆಡಿಸಬೇಕು. ಪರದೆಯ ಬೆಳಕು ಕ್ಯಾಮೆರಾಗೆ ಹೊಡೆದು ಅಕ್ಷರ ಮಸುಕಾಗುತ್ತದೆ. ಅವರಿಗೆ ತಮ್ಮ ಮುಂದೆ ಏನಿದೆ ಅಂತಲೇ ಹೇಳಲು ಆಗದಿದ್ದಾಗ ಮಾತ್ರ ನಾನು ವಿಡಿಯೋಗೆ ಹೋಗುತ್ತೇನೆ.

ಉಳಿದದ್ದು ಗುರುತು ಹಾಕಿದ ಚಿತ್ರ, ಜೊತೆಗೆ ವಾಯ್ಸ್ ಮೆಸೇಜ್. ಸೆಟ್ಟಿಂಗ್ಸ್ ಪುಟಕ್ಕೆ ನನ್ನ ಆಯ್ಕೆ ಯಾವಾಗಲೂ ಈ ಜೋಡಿಯೇ. ಚಿತ್ರ ‘ಎಲ್ಲಿ’ ಅಂತ ಹೇಳುತ್ತದೆ, ದನಿ ‘ಯಾಕೆ’ ಅಂತ ಹೇಳುತ್ತದೆ. ಚಿತ್ರ ಮಾತ್ರ ಕಳಿಸಿದರೆ ಅವರು ಹೆದರುತ್ತಲೇ ಒತ್ತುತ್ತಾರೆ. ದನಿ ಮಾತ್ರ ಕಳಿಸಿದರೆ ಹತ್ತು ಸಾಲಿನಲ್ಲಿ ಒಂದನ್ನು ಹುಡುಕಲು ತಿಣುಕುತ್ತಾರೆ.

ಮೊದಲು ಯಾಕೆ ಅನ್ನುವುದು. ಪೆಟ್ಟಿಗೆಯಲ್ಲಿ شهادة ಅನ್ನುವ ಪದ ಇತ್ತು. ಅದು ವೆಬ್‌ಸೈಟಿನ ಪ್ರಮಾಣಪತ್ರ. ತಾಂತ್‌ಗೆ ಶಹಾದಾ ಅಂದರೆ ಶಾಲೆಯ ಸರ್ಟಿಫಿಕೇಟು, ಕೋರ್ಟಿನ ಸಾಕ್ಷಿ, ಕೊನೆಗೆ ಅವರ ನಂಬಿಕೆಯ ಮಾತು. ‘ನನ್ನ ಯಾವ ಸರ್ಟಿಫಿಕೇಟು ಕೇಳುತ್ತಿದ್ದಾರೆ?’ ಅಂತ ಅವರು ನಿಜವಾಗಿ ಚಿಂತೆಗೆ ಬಿದ್ದಿದ್ದರು. ನಾನು ಹಾಲಿನ ಪ್ಯಾಕೆಟಿನಿಂದ ಹೇಳಿದೆ. ‘ತಾಂತ್, ಹಾಲಿನ ಪ್ಯಾಕೆಟಿನ ಮೇಲೆ ತಯಾರಾದ ದಿನ, ಮುಗಿಯುವ ದಿನ ಎರಡೂ ಇರುತ್ತದೆ ಅಲ್ವಾ? ವೆಬ್‌ಸೈಟಿಗೂ ಅಂಥದೊಂದು ಚೀಟಿ ಇದೆ. ಅದರ ಆಯಸ್ಸು ಹೆಚ್ಚೆಂದರೆ ಸುಮಾರು ಒಂದು ವರ್ಷ, ಹಲವಕ್ಕೆ ಇನ್ನೂ ಕಡಿಮೆ. ನಿಮ್ಮ ಲ್ಯಾಪ್‌ಟಾಪ್ ಇದು ಒಂಬತ್ತು ವರ್ಷದ ಹಿಂದಿನ ದಿನ ಅಂದುಕೊಂಡಿದೆ. ಹಾಲು ಇನ್ನೂ ತಯಾರೇ ಆಗಿಲ್ಲ ಅಂತ ಅದು ಹೇಳುತ್ತಿದೆ. ಹಾಲು ಚೆನ್ನಾಗಿದೆ, ಗೋಡೆ ಗಡಿಯಾರ ಸರಿ ಮಾಡಬೇಕು.’ ಅವರು ‘ಆಹ್, ಫಿಹಿಮ್ತ್’ ಅಂದರು. ಅರ್ಥವಾಯಿತು ಅಂತ. ದನಿಯಲ್ಲಿದ್ದ ನಡುಕ ಹೋಗಿತ್ತು.

ಹೇಳುವ ಮಾತನ್ನೂ ಅವರ ಮನೆಯ ಮಾತಿಗೆ ಹೊಂದಿಸಬೇಕು. ಕ್ಲಿಕ್ ಮಾಡಿ ಅನ್ನುವುದಕ್ಕೆ ಪರದೆಯಲ್ಲಿ انقر ಅಂತ ಇರುತ್ತದೆ, ಅದು ಪುಸ್ತಕದ ಅರಬ್ಬಿ. ಸೌದಿಯಲ್ಲಿ ಹೆಂಗಸರಿಗೆ ‘ಇದ್‌ಘತೀ’ ಅಂತ ಹೇಳುತ್ತಿದ್ದೆ. ಈಜಿಪ್ಟಿನಲ್ಲಿ ‘ದೂಸಿ’ ಅನ್ನುತ್ತಾರೆ, ಒತ್ತಿ ಅಂತ. ಕೊನೆಯ ‘ಇ’ ಹೆಂಗಸರಿಗೆ ಹೇಳುವಾಗ ಬರುವುದು. ಅದನ್ನು ಬಿಟ್ಟರೆ ಗಂಡಸರಿಗೆ ಹೇಳಿದ ಹಾಗಾಗುತ್ತದೆ. ‘ನೀವು’ ಅನ್ನಲು ‘ಹದ್ರಿತಿಕ್’. ಹಿರಿಯರಿಗೆ ಸುಮ್ನೆ ‘ಇಂತಿ’ ಅಂದರೆ ನಮ್ಮಲ್ಲಿ ದೊಡ್ಡವರಿಗೆ ‘ನೀನು’ ಅಂದ ಹಾಗೆ.

ಇನ್ನು ಎಲ್ಲಿ ಅನ್ನುವುದು. ಅವರು ಸೆಟ್ಟಿಂಗ್ಸ್ ತೆರೆದು ಒಂದೊಂದೇ ಪುಟದ ಫೋಟೋ ಕಳಿಸಿದರು. ನಾನು ಒಂದೊಂದರ ಮೇಲೂ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ ಅಂಕಿ ಬರೆದು ವಾಪಸ್ ಕಳಿಸಿದೆ. ಬಾಣ ಹಾಕಲಿಲ್ಲ. ಅಂಕಿಯನ್ನೂ ಅವರ ಲಿಪಿಯಲ್ಲೇ ಬರೆದೆ: ١, ٢, ٣. ಮೊದಲು الوقت واللغة, ಅಂದರೆ ಸಮಯ ಮತ್ತು ಭಾಷೆ. ಅದರೊಳಗೆ التاريخ والوقت, ಅಂದರೆ ದಿನಾಂಕ ಮತ್ತು ಸಮಯ. ಆ ಪುಟದಲ್ಲಿ تلقائيًا ಅನ್ನುವ ಪದ ಇರುವ ಸಾಲು ಒಂದು, ಅಂದರೆ ಸಮಯವನ್ನು ತಾನಾಗಿ ಹಾಕಿಕೊಳ್ಳುವುದು. ಅದು ಆನ್ ಆಗಿಯೇ ಇತ್ತು.

ಆನ್ ಇದ್ದೂ ಯಾಕೆ ಸರಿಯಾಗಲಿಲ್ಲ? ಇಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಮನೆಯಲ್ಲಿ ಬಳಸುವ ಸಾಮಾನ್ಯ ವಿಂಡೋಸ್‌ನಲ್ಲಿ ವ್ಯತ್ಯಾಸ 15 ಗಂಟೆಗಿಂತ ಜಾಸ್ತಿ ಇದ್ದರೆ ಸಮಯ ಹೊಂದಿಸುವ ವ್ಯವಸ್ಥೆ ಬದಲಾವಣೆಯನ್ನು ಒಪ್ಪದೆ ಇರಬಹುದು. ಅಷ್ಟು ದೊಡ್ಡ ಜಿಗಿತ ಅನುಮಾನದ್ದು ಅಂತ ಅದರ ಲೆಕ್ಕ. ಹಾಗಾಗಿ ಆ ಗುಂಡಿಯನ್ನು ಆಫ್ ಮಾಡಿಸಿ, ಬದಲಿಸು ಅನ್ನುವ تغيير ಒತ್ತಿಸಿ, ದಿನಾಂಕವನ್ನು ಕೈಯಿಂದ ಹಾಕಿಸಬೇಕು. ಆಫ್ ಮಾಡುವವರೆಗೆ تغيير ಮಂಕಾಗಿರುತ್ತದೆ, ಒತ್ತಿದರೂ ಏನೂ ಆಗುವುದಿಲ್ಲ. ಫೋಟೋದಲ್ಲಿ ಅದು ಮಂಕಾಗಿ ಕಂಡರೆ ಮೊದಲ ಹೆಜ್ಜೆ ಆಗಿಲ್ಲ ಅಂತ ಅರ್ಥ. ತಾಂತ್ ಮೇಜಿನ ಮೇಲಿನ ಕ್ಯಾಲೆಂಡರಿನಲ್ಲಿ ಎರಡೂ ದಿನಾಂಕ ಇತ್ತು. ಹಿಜರಿ ಪಟ್ಟಿ ಬಂದರೆ 1447, ನಮ್ಮ ವರ್ಷದ ಪಟ್ಟಿ ಬಂದರೆ 2025 ಆರಿಸಿ ಅಂದೆ. ಆಮೇಲೆ ತಾನಾಗಿ ಹೊಂದಿಸುವ ಗುಂಡಿಯನ್ನು ಮತ್ತೆ ಆನ್ ಮಾಡಿಸಿದೆ. ಕೊನೆಗೆ الآن ಅನ್ನುವ ಪದ ಇರುವ ಗುಂಡಿ ಒತ್ತಿಸಿದೆ, ಈಗಲೇ ಹೊಂದಿಸು ಅಂತ. ಬ್ರೌಸರ್ ಮುಚ್ಚಿ ತೆರೆದರು. ವೆಬ್‌ಸೈಟ್ ಬಂತು.

ಒಂದು ಮಾತನ್ನು ಆ ರಾತ್ರಿ ಎರಡು ಸಲ ಹೇಳಿದೆ. ಎಚ್ಚರಿಕೆಯ ಪುಟದಲ್ಲಿ ‘ಅಪಾಯವಿದ್ದರೂ ಮುಂದೆ ಹೋಗು’ ಅನ್ನುವ ಅರ್ಥದ ಸಣ್ಣ ಕೊಂಡಿ ಅಡಗಿರುತ್ತದೆ. ಅದನ್ನು ಒತ್ತಿಸಿ ಬೇಗ ಕೆಲಸ ಮುಗಿಸುವವರು ಇದ್ದಾರೆ. ದಯವಿಟ್ಟು ಹಾಗೆ ಕಲಿಸಬೇಡಿ. ಇವತ್ತು ಗಡಿಯಾರದ ತೊಂದರೆ, ನಾಳೆ ನಿಜವಾದ ಮೋಸದ ಪುಟ ಇರಬಹುದು. ಅವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ಪರದೆಯ ಭಾಷೆ ಬದಲಿಸಿ ಅನ್ನಬೇಡಿ

‘ಮೊದಲು ಇಂಗ್ಲಿಷಿಗೆ ಬದಲಿಸಿ, ಆಮೇಲೆ ಹೇಳುತ್ತೇನೆ’ ಅನ್ನುವುದು ಸಹಾಯ ಮಾಡುವವರಿಗೆ ಅನುಕೂಲ, ಅವರಿಗಲ್ಲ. ನಾವು ಫೋನ್ ಇಟ್ಟ ಮೇಲೆ ಅವರು ಆ ಪರದೆಯ ಜೊತೆ ಒಬ್ಬರೇ ಇರಬೇಕು. ಅದರ ಬದಲು ನಾವೇ ಅವರ ಪರದೆಗೆ ಹೋಗುವುದು ಒಳ್ಳೆಯದು. ನನ್ನ ಅಂಗಡಿಯಲ್ಲಿ ಒಂದು ಹಳೇ ಆಂಡ್ರಾಯ್ಡ್ ಫೋನನ್ನು ಅರಬ್ಬಿಗೆ ಹಾಕಿಟ್ಟಿದ್ದೇನೆ. ತಾಂತ್ ಫೋನಿನ ತೊಂದರೆ ಹೇಳಿದಾಗ ಅದನ್ನು ಕೈಗೆ ತೆಗೆದುಕೊಳ್ಳುತ್ತೇನೆ. ಕಂಪನಿ ಬೇರೆಯಾದರೆ ಪದಗಳೂ ಬೇರೆ ಇರಬಹುದು. ಸೆಟ್ಟಿಂಗ್ಸ್‌ಗೆ ಕೆಲವು ಫೋನಿನಲ್ಲಿ الإعدادات, ಕೆಲವದರಲ್ಲಿ الضبط.

ಅರಬ್ಬಿ ಲಿಪಿ ಬಾರದವರಿಗೂ ಒಂದು ಉಪಾಯ ಇದೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅದರಲ್ಲಿ `Force RTL layout direction` ಅಂತ ಇದೆ. ಆನ್ ಮಾಡಿದರೆ ಭಾಷೆ ನಿಮ್ಮದೇ ಇರುತ್ತದೆ, ಪರದೆ ಮಾತ್ರ ಮಗುಚುತ್ತದೆ. ಅವರಿಗೆ ಯಾವುದು ಎಲ್ಲಿ ಕಾಣುತ್ತಿದೆ ಅಂತ ನಿಮ್ಮ ಕೈಯಲ್ಲೇ ಗೊತ್ತಾಗುತ್ತದೆ.

ಫೋನಿನ ತೊಂದರೆಗೆ ವಾಟ್ಸಾಪ್ ವಿಡಿಯೋ ಕಾಲ್‌ನಲ್ಲೇ ಪರದೆ ಹಂಚಿಕೊಳ್ಳುವುದೂ ಆಗುತ್ತದೆ. ಆಗ ಕೈ ನಡುಗಿದರೂ ಚಿತ್ರ ಅಲ್ಲಾಡುವುದಿಲ್ಲ. ಆದರೆ ಹಂಚಿಕೊಂಡಿರುವಾಗ ಬರುವ ಬ್ಯಾಂಕಿನ ಒಟಿಪಿಯೂ ನಮಗೆ ಕಾಣಬಹುದು. ನಾನು ಮನೆಯವನೇ ಆದರೂ ಬ್ಯಾಂಕಿನ ಪರದೆ ತೆರೆಯುವ ಮೊದಲು ಹಂಚಿಕೆ ನಿಲ್ಲಿಸಲು ಹೇಳುತ್ತೇನೆ. ಹಾಗೆ ಅಭ್ಯಾಸ ಮಾಡಿಸಿದರೆ ಬೇರೆ ಯಾರಾದರೂ ಫೋನ್ ಮಾಡಿ ಕೇಳಿದಾಗ ಅವರಿಗೆ ಅನುಮಾನ ಬರುತ್ತದೆ.

ಮೂರು ದಿನ ಬಿಟ್ಟು ತಾಂತ್ ಮತ್ತೆ ಫೋಟೋ ಕಳಿಸಿದರು. ಈ ಸಲ ನಾಲ್ಕೂ ಅಂಚು ಕಾಣುತ್ತಿತ್ತು, ಮೂಲೆಯ ದಿನಾಂಕಕ್ಕೆ ಅವರೇ ಸುತ್ತು ಹಾಕಿದ್ದರು. ಮತ್ತೆ ٣٨. ರಾತ್ರಿ ಚಾರ್ಜರ್ ತೆಗೆದಿಟ್ಟಿದ್ದರಂತೆ. ಲ್ಯಾಪ್‌ಟಾಪಿನ ದೊಡ್ಡ ಬ್ಯಾಟರಿ ಮೊದಲೇ ಸತ್ತಿತ್ತು. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ ಒಳಗಿನ ಬಟನ್ ಸೆಲ್ಲೂ ಮುಗಿದಿದೆ ಅಂತ ಆಗ ಖಾತ್ರಿಯಾಯಿತು. ಹಾಸನದಲ್ಲಿ ನನ್ನ ಹತ್ತಿರ ಬರುವ ಹಳೇ ಕಂಪ್ಯೂಟರುಗಳಲ್ಲೂ ಇದೇ ಲಕ್ಷಣ: ಪ್ಲಗ್ ತೆಗೆದ ಮೇಲೆ ದಿನಾಂಕ ಪ್ರತಿ ಸಲ ಹಿಂದಕ್ಕೆ ಹೋಗುತ್ತದೆ. ಇದಕ್ಕೆ ಯಾವ ಸೆಟ್ಟಿಂಗ್ಸ್‌ನಲ್ಲೂ ಮದ್ದಿಲ್ಲ. ಅವರ ಬೀದಿಯ ರಿಪೇರಿಯವನಿಗೆ ತೋರಿಸಲು ಒಂದು ಚೀಟಿಯಲ್ಲಿ ದೊಡ್ಡದಾಗಿ `CR2032`, 3 ವೋಲ್ಟ್ ಅಂತ ಬರೆದು, ಅದರ ಫೋಟೋ ಕಳಿಸಿದೆ. ಬಿಚ್ಚಿ ನೋಡಿ ಒಳಗಿರುವ ಸೆಲ್ಲಿನ ನಂಬರು ಇದೇನಾ ಅಂತ ಹೋಲಿಸಲು ಹೇಳಿ, ಕೆಲವು ಲ್ಯಾಪ್‌ಟಾಪಿನಲ್ಲಿ ಅದಕ್ಕೆ ವೈರ್ ಹಾಕಿರುತ್ತಾರೆ ಅಂತ ಜೊತೆಗೆ ವಾಯ್ಸ್ ಬಿಟ್ಟೆ. ಮಾರನೇ ಸಂಜೆ ಬಂದ ಫೋಟೋದ ಎಡ ಮೂಲೆಯಲ್ಲಿ ٤٧ ಇತ್ತು.